ಹೊಗೆ ಹೋಗಬೇಕಾದರೆ ಗಾಳಿ ಬರಬೇಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಕಟ್ಟಿದ ಪುಣ್ಯಾತ್ಮನಿಗೆ ಹೊಗೆ ಪರೀಕ್ಷೆಯ ವಿಚಾರ ಗೊತ್ತಿರಲಿಲ್ಲ. ಗೊತ್ತಿದ್ದರೆ ಅದನ್ನೂ ಸೇರಿಸಿಬಿಡುತ್ತಿದ್ದ. ಚಿದಾನಂದನಿಗೆ ಮಾತ್ರ ಮೂರೂ ಒಂದೇ ವಾರದಲ್ಲಿ ಬಂದು ಕೂತಿದ್ದವು.

ಕಟ್ಟಡ ಅವನದಲ್ಲ, ಕಾಫಿ ಪ್ಲಾಂಟರ್ ಪೂವಯ್ಯನವರದು. ಸುಂಟಿಕೊಪ್ಪದಿಂದ ಮಡಿಕೇರಿಗೆ ಹೋಗುವ ರಸ್ತೆಯಲ್ಲಿ, ಗುಡ್ಡದ ನೆತ್ತಿ ಸವರಿ ಕಟ್ಟಿಸಿದ ಹೊಸ ಹೋಟೆಲ್. ನೆಲ ಬಿಟ್ಟು ನಾಲ್ಕು ಮಹಡಿ. ನಡುವೆ ನೆಲದಿಂದ ಗಾಜಿನ ಮಾಡಿನವರೆಗೆ ಖಾಲಿ ಬಿಟ್ಟ ದೊಡ್ಡ ಅಂಗಳ. ಆರ್ಕಿಟೆಕ್ಟು ಅದನ್ನು ಏಟ್ರಿಯಂ ಎನ್ನುತ್ತಿದ್ದ, ಪೂವಯ್ಯನವರು 'ನಡು ಹಾಲ್' ಎನ್ನುತ್ತಿದ್ದರು, ಕೆಲಸದವರು 'ಬಾವಿ' ಎನ್ನುತ್ತಿದ್ದರು. ಆ ಬಾವಿಯಲ್ಲಿ ಬೆಂಕಿ ಬಿದ್ದರೆ ಹೊಗೆ ಎಲ್ಲಿ ಹೋಗಬೇಕು, ಎಷ್ಟು ಹೋಗಬೇಕು ಎಂದು ಲೆಕ್ಕ ಹಾಕಿದವನು ಚಿದಾನಂದ. ಶನಿವಾರಸಂತೆ ಕಡೆಯವನು, ಮೈಸೂರಿನಲ್ಲಿ ಅಗ್ನಿಸುರಕ್ಷತೆಯ ಕನ್ಸಲ್ಟೆಂಟು. ಮಾತು ಕಡಿಮೆ, ಲೆಕ್ಕ ಜಾಸ್ತಿ.

ಇನ್ನು ಮದುವೆ ಅವನ ಒಬ್ಬಳೇ ಮಗಳು ಸ್ಪಂದನಾಳದು. ಭಾನುವಾರ, ಅದೇ ನಡು ಹಾಲಿನಲ್ಲಿ. ಹೋಟೆಲಿನ ಮೊದಲ ಸಮಾರಂಭ ನಮ್ಮ ಎಂಜಿನಿಯರ್ ಮಗಳದೇ ಆಗಬೇಕು ಎಂದು ಪೂವಯ್ಯನವರು ಹಟ ಹಿಡಿದು ಕೊಟ್ಟದ್ದು. ಪತ್ರಿಕೆ ಹಂಚಿ ಮುಗಿದಿತ್ತು. ಬುಧವಾರ ಹೊಗೆ ಪರೀಕ್ಷೆ. ಅದು ಸರಿಯಾದರೆ ಚಿದಾನಂದ ಸಹಿ ಹಾಕುತ್ತಾನೆ, ಅವನ ಸಹಿ ನೋಡಿ ಅಗ್ನಿಶಾಮಕದವರು ಒಪ್ಪಿಗೆ ಕೊಡುತ್ತಾರೆ, ಒಪ್ಪಿಗೆ ಬಂದರೆ ಹೋಟೆಲು ಬಾಗಿಲು ತೆರೆಯುತ್ತದೆ, ಬಾಗಿಲು ತೆರೆದರೆ ಮಗಳ ಮದುವೆ. ಹೀಗೆ ಒಂದಕ್ಕೊಂದು ಗಂಟು ಹಾಕಿಕೊಂಡಿತ್ತು. ಪರೀಕ್ಷೆ ಸರಿಯಾಗದಿದ್ದರೆ ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹೆಂಡತಿ ಕುಸುಮಾ ಒಮ್ಮೆ ಬಾಯಿ ತೆರೆದಿದ್ದಳು, 'ನಾನೇ ಹಾಕಿದ ಲೆಕ್ಕ ಕಣೇ' ಎಂದು ಇವನು ಮುಚ್ಚಿಸಿದ್ದ.

ಲೆಕ್ಕ ಹಾಕುವಾಗಲೇ ಪೂವಯ್ಯನವರ ಜೊತೆ ಒಂದು ಸುತ್ತು ಜಗಳವಾಗಿತ್ತು. ನಾಲ್ಕೂ ಮಹಡಿಯ ರೂಮುಗಳ ಮುಂದಿನ ಓಣಿಗಳು ಅಂಗಳಕ್ಕೆ ತೆರೆದಿರಬೇಕು, ಮೇಲಿಂದ ಕೆಳಗೆ ಎಲ್ಲ ಕಾಣಬೇಕು ಎಂದು ಅವರ ಆಸೆ. ಚಿದಾನಂದ ಆಗಲ್ಲ ಎಂದಿದ್ದ.

"ಬೆಂಕೀನ ಸಣ್ಣದು ಅಂತ ಲೆಕ್ಕ ಹಾಕಿ ಮಾರಾಯ್ರೇ. ಒಂದು ಸೋಫಾ ಉರೀಲಿ. ಎರಡು ಯಾಕೆ?" ಎಂದಿದ್ದರು ಪೂವಯ್ಯ.

"ಬೆಂಕಿ ಎರಡು ಪಾಲಾದ್ರೂ ಹೊಗೆ ಹೆಚ್ಚಾಗೋದು ಕಾಲು ಪಾಲು ಅಷ್ಟೇ. ಆದ್ರೆ ಅದು ಏರೋ ಎತ್ತರ ಎರಡು ಪಾಲಾದ್ರೆ ಹೊಗೆ ಮೂರು ಪಾಲಿಗೂ ಮೇಲೆ. ನಿಮ್ಮ ತೊಂದ್ರೆ ಇರೋದು ಸೋಫಾದಲ್ಲಲ್ಲ, ಎತ್ತರದಲ್ಲಿ."

"ಹೊಗೆ ಎಲ್ಲಿಂದ ಬರುತ್ತೆ ಅಷ್ಟೊಂದು? ಉರಿಯೋದು ಅದೇ ಸೋಫಾ ಅಲ್ವಾ?"

ಚಿದಾನಂದ ಆಗ ಸಮಾಧಾನದಿಂದಲೇ ಬಿಡಿಸಿ ಹೇಳಿದ್ದ. ಬಿಸಿ ಹೊಗೆಯ ಕಂಬ ಮೇಲೇಳುತ್ತಾ ಸುತ್ತಲಿನ ತಣ್ಣನೆ ಗಾಳಿಯನ್ನು ಬದಿಯಿಂದ ಎಳೆದುಕೊಂಡು ದಪ್ಪವಾಗುತ್ತಾ ಹೋಗುತ್ತದೆ. ನಾವು ಹೊಗೆ ಎನ್ನುವುದರಲ್ಲಿ ಬಹುಪಾಲು ಹೀಗೆ ಸೇರಿಕೊಂಡ ಗಾಳಿಯೇ. ನಾಲ್ಕನೇ ಮಹಡಿಯವರ ತಲೆಗೂ ಮೇಲೆ ಹೊಗೆ ನಿಲ್ಲಬೇಕೆಂದರೆ ಸೆಕೆಂಡಿಗೆ ಎಂಬತ್ತು ಕೆಜಿ ಹೊರಗೆ ಹಾಕಬೇಕು. ಮೇಲಿನೆರಡು ಮಹಡಿಯ ಓಣಿಗೆ ಬೆಂಕಿ ತಡೆಯುವ ಗಾಜು ಹಾಕಿ ಮುಚ್ಚಿದರೆ, ಎರಡನೇ ಮಹಡಿಯಲ್ಲಿ ನಿಂತವರ ತಲೆ ಕಾಯ್ದರೆ ಸಾಕು. ಒಂಬತ್ತು ಮೀಟರ್ ಎತ್ತರ, ಸೆಕೆಂಡಿಗೆ ಮೂವತ್ತಾರು ಕೆಜಿ. ಈ ಗುಡ್ಡದ ಮೇಲೆ ಗಾಳಿ ತೆಳು, ಹೊಗೆ ಬೇರೆ ಬಿಸಿಯಿಂದ ಹಿಗ್ಗಿರುತ್ತದೆ, ಆದ್ದರಿಂದ ನಲವತ್ತು ಘನ ಮೀಟರ್. ಮಾಡಿನ ಮೇಲೆ ನಾಲ್ಕು ಫ್ಯಾನು. ಪೂವಯ್ಯನವರು ಗಾಜಿಗೆ ಒಪ್ಪಿದರು, ಮುಖ ಮಾತ್ರ ಹಾಗಲಕಾಯಿ ತಿಂದವರದು.

ಹೊರಗೆ ಹಾಕಿದಷ್ಟು ಗಾಳಿ ಒಳಗೆ ಬರಲೂಬೇಕಲ್ಲ. ಅದೂ ನೆಲಮಟ್ಟದಲ್ಲಿ, ಹೊಗೆಯ ಕೆಳಗಿನಿಂದ, ಮೆಲ್ಲಗೆ. ಸೆಕೆಂಡಿಗೆ ಒಂದು ಮೀಟರಿಗಿಂತ ಜೋರಾಗಿ ಬಂದರೆ ಹೊಗೆಯ ಕಂಬವನ್ನೇ ತಳ್ಳಿಬಿಡುತ್ತದೆ. ಅದಕ್ಕೆ ಮೂವತ್ತನಾಲ್ಕು ಚದರ ಮೀಟರ್ ಬಯಲು ಬೇಕಾಯಿತು, ಲೂವರ್ ಎಂಬ ಗಾಳಿಕಿಂಡಿಯ ಅಡ್ಡಪಟ್ಟಿಗಳು ತಿನ್ನುವ ಜಾಗ ಬಿಟ್ಟು. ಇಷ್ಟಗಲದ ಲೂವರ್ ಎದುರುಗಡೆ ಬೇಡ, ಕೋಳಿ ಫಾರಂ ಹಾಗೆ ಕಾಣುತ್ತೆ, ಹಿಂದುಗಡೆ ಹಾಕಿ ಎಂದರು ಪೂವಯ್ಯ. ಹಿಂದುಗಡೆ ಎಂದರೆ ಕಣಿವೆಯ ಕಡೆ. ಚಿದಾನಂದ ಮೈಸೂರಿನ ಆಫೀಸಿನಲ್ಲಿ ಕೂತು, ಜನವರಿ ತಿಂಗಳ ತಣ್ಣನೆ ಮಧ್ಯಾಹ್ನ, ನಕ್ಷೆಯ ಹಿಂಬದಿಯಲ್ಲಿ ಒಂದು ನೀಲಿ ಬಾಣ ಎಳೆದು 'ಗಾಳಿ ಒಳಗೆ' ಎಂದು ಬರೆದ. ಹಿಂದುಗಡೆ ಎಂದರೆ ಪಡುವಣ ಎಂಬುದು ನಕ್ಷೆಯಲ್ಲೇ ಇತ್ತು. ನಕ್ಷೆಯಲ್ಲಿ ಇದ್ದದ್ದು ತಲೆಯಲ್ಲಿ ಇರಬೇಕಲ್ಲ!

ಬುಧವಾರ ಬೆಳಿಗ್ಗೆ ಅವನು ಬಂದಾಗ ಮಳೆ ಹಿಡಿದು ವಾರವಾಗಿತ್ತು. ಈ ಸಲ ಮೇ ತಿಂಗಳಲ್ಲೇ ಶುರುವಿಟ್ಟುಕೊಂಡಿತ್ತು. ಸ್ಪಂದನಾ ಜೊತೆಗೆ ಬಂದಿದ್ದಳು, ಧಾರೆಗೆ ಯಾವ ಮೆಟ್ಟಿಲಿನಿಂದ ಇಳಿದು ಬರಬೇಕು ಎಂದು ನೋಡಿಕೊಳ್ಳಲು. ಅಗ್ನಿಶಾಮಕ ಠಾಣೆಯ ಅಧಿಕಾರಿ ತೀರ್ಥಪ್ರಸಾದ್ ಕೊಡೆ ಮಡಚುತ್ತಾ ಒಳಬಂದರು. ಮನುಷ್ಯ ಒಳ್ಳೆಯವರು, ಯಾರಿಗೂ ಇಲ್ಲ ಎನ್ನಲು ಕಷ್ಟಪಡುವವರು. ಆ ಕೆಲಸಕ್ಕೆ ಅದು ಅಷ್ಟು ಒಳ್ಳೆಯ ಗುಣವಲ್ಲ.

ಚಿದಾನಂದ ಎಲ್ಲವನ್ನೂ ಒಂದು ಸುತ್ತು ನೋಡಿದ. ಫ್ಯಾನು ಸರಿ, ವೈರು ಸರಿ. ಲೂವರನ್ನು ಒಳಗಿನಿಂದಲೇ ನೋಡಿದ. ಪಟ್ಟಿಗಳೆಲ್ಲ ತೆರೆದಿದ್ದವು, ಸಂದಿನಲ್ಲಿ ತಿಳಿ ನೀಲಿ ಬೆಳಕು. ಆಕಾಶ ಕಾಣುತ್ತಿದೆ, ಸರಿ ಎಂದುಕೊಂಡ. ಮಳೆಗಾಲದ ಕೊಡಗಿನಲ್ಲಿ ಆಕಾಶ ನೀಲಿ ಇರುವುದಿಲ್ಲ ಎಂಬುದು ಇಲ್ಲಿಯೇ ಹುಟ್ಟಿ ಬೆಳೆದವನಿಗೆ ಹೊಳೆಯಲಿಲ್ಲ. ತಲೆಯಲ್ಲಿ ಮಂಟಪದ ಹೂವಿನವನು ಇನ್ನೂ ಫೋನ್ ಎತ್ತಿಲ್ಲ ಎಂಬ ಚಿಂತೆ ಓಡುತ್ತಿತ್ತು.

"ಅಪ್ಪಾಜಿ, ನಾನು ಹೊರಗೆ ನಿಂತ್ಕೊಳ್ಲಾ?" ಎಂದಳು ಸ್ಪಂದನಾ.

"ಹೊರಗ್ಯಾಕೆ? ಎರಡನೇ ಮಹಡಿ ಓಣಿಗೆ ಹೋಗಿ ನಿಂತ್ಕೋ. ನಿನ್ನ ತಲೆ ಮೇಲೆ ಬಂದು ಹೊಗೆ ಹೆಂಗೆ ನಿಲ್ಲುತ್ತೆ ನೋಡು. ಫೋಟೋ ತೆಕ್ಕೋ."

ಹಾಗೆ ಹೇಳುವಾಗ ಅವನಿಗೆ ಹೆಮ್ಮೆಯಾಗಿತ್ತು. ಅಪ್ಪ ಜೀವಮಾನವಿಡೀ ಏನು ಮಾಡಿದ ಎಂದು ಮಗಳು ಒಮ್ಮೆಯಾದರೂ ಕಣ್ಣಾರೆ ನೋಡಲಿ ಎಂಬ ಆಸೆ. ಅವಳು ಕೆಂಪು ದುಪಟ್ಟಾ ಸರಿಪಡಿಸಿಕೊಂಡು ಮೆಟ್ಟಿಲು ಹತ್ತಿದಳು.

ಅಂಗಳದ ನಡುವೆ ನೀರಿನ ತೊಟ್ಟಿಯಲ್ಲಿ ಕೂರಿಸಿದ ತಟ್ಟೆಗಳಿಗೆ ಸ್ಪಿರಿಟ್ ಸುರಿದು ಬೆಂಕಿ ಕೊಟ್ಟರು. ಅದರ ಬಿಸಿಗೆ ಯಂತ್ರದಿಂದ ಬಿಳಿ ಹೊಗೆ ಬಿಟ್ಟರು. ಕೆಮ್ಮು ಬರಿಸುತ್ತದೆಯೇ ಹೊರತು ಪ್ರಾಣ ತೆಗೆಯುವಂಥದ್ದಲ್ಲ. ಹೊಗೆ ನೆಟ್ಟಗೆ ಕಂಬವಾಗಿ ಎದ್ದು, ಗಾಜಿನ ಮಾಡಿಗೆ ತಾಗಿ, ಹರಡಿಕೊಂಡಿತು. ಪೂವಯ್ಯನವರು ಚಪ್ಪಾಳೆ ತಟ್ಟಿದರು. ನಾಲ್ಕೂ ಫ್ಯಾನು ಒಟ್ಟಿಗೆ ಶುರುವಾದವು.

ಮೊದಲು ಕೇಳಿದ್ದು ಸಿಳ್ಳೆ. ಎದುರು ಬಾಗಿಲಿನ ಸಂದಿನಲ್ಲಿ, ಲಿಫ್ಟಿನ ಬಾಗಿಲಿನಲ್ಲಿ, ಎಲ್ಲೆಲ್ಲಿ ಕೂದಲೆಳೆ ಜಾಗವಿತ್ತೋ ಅಲ್ಲೆಲ್ಲ ಗಾಳಿ ಕಿರುಚಿಕೊಂಡು ಒಳನುಗ್ಗುತ್ತಿತ್ತು. ಲೂವರಿನ ನೀಲಿ 'ಆಕಾಶ' ಪಟ್ಟೆಂದು ಪಟ್ಟಿಗಳಿಗೆ ಬಂದು ಅಂಟಿಕೊಂಡಿತು. ಆಕಾಶ ಹಾಗೆ ಅಂಟಿಕೊಳ್ಳುವುದಿಲ್ಲ.

"ಅದೇನು ಹಿಂದ್ಗಡೆ?" ಎಂದು ಕೂಗಿದ ಚಿದಾನಂದ.

ಪೂವಯ್ಯನವರ ಎಸ್ಟೇಟಿನ ಹಳೆಯ ಆಳು ಚೋಮ ಬಾಗಿಲ ಬಳಿ ನಿಂತಿದ್ದ. "ತಾರ್ಪಾಲು ಸಾರ್. ಮಳೆ ಹಿಡಿಯೋ ಮುಂಚೆ ಪಡುವಣ ದಿಕ್ಕು ಕಟ್ಟೋದಲ್ವಾ? ಬಂಗ್ಲೆಗೆ ಕಟ್ಟಿ ಮುಗಿಸಿ ಇಲ್ಲಿಗೂ ಕಟ್ಟಿದೆ," ಎಂದ, ಎಲ್ಲರಿಗೂ ಗೊತ್ತಿರುವುದನ್ನು ಹೇಳುವ ದನಿಯಲ್ಲಿ.

"ಯಾರು ಹೇಳಿದ್ದು ಕಟ್ಟು ಅಂತ?"

"ಅದ್ನ ಯಾರಾದ್ರೂ ಹೇಳ್ಬೇಕಾ ಸಾರ್?"

ಬೇಕಾಗಿರಲಿಲ್ಲ. ಕೊಡಗಿನಲ್ಲಿ ಪಡುವಣ ದಿಕ್ಕನ್ನು ಮಳೆಗಾಲಕ್ಕೆ ತೆರೆದಿಡುವ ಒಬ್ಬ ಮನುಷ್ಯನೂ ಇಲ್ಲ. ಚಿದಾನಂದನೇ ಮಳೆ ಹಿಡಿಯುವ ಮುಂಚಿನ ಭಾನುವಾರ ಶನಿವಾರಸಂತೆಯ ಮನೆಯಲ್ಲಿ ಏಣಿ ಹತ್ತಿ, ಪಡುವಣ ಜಗಲಿಗೆ ಕೈಯಾರೆ ತಾರ್ಪಾಲು ಕಟ್ಟಿ ಬಂದಿದ್ದ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ.

ಅಷ್ಟರಲ್ಲಿ ಹೊಗೆ ಇಳಿಯತೊಡಗಿತ್ತು. ಒಳಗೆ ಗಾಳಿ ಬಾರದೆ ಫ್ಯಾನುಗಳು ಬರಿದೇ ಗುಡುಗುತ್ತಿದ್ದವು; ಕೆಳಗಿನಿಂದ ಏರುವ ಹೊಗೆಯಷ್ಟನ್ನು ಹೊರಹಾಕಲು ಅವಕ್ಕೆ ಆಗುತ್ತಿರಲಿಲ್ಲ. ಮೂರನೇ ಮಹಡಿಯ ಗಾಜು ಮರೆಯಾಯಿತು. ಆಮೇಲೆ ಎರಡನೇ ಮಹಡಿಯ ಓಣಿಯ ಸೂರು. ಮೇಲಿಂದ ಕೆಮ್ಮು ಕೇಳಿಸಿತು.

"ಸ್ಪಂದನಾ, ಮೆಟ್ಟಿಲ ಕಡೆ ಬಾ!"

ಕೆಂಪು ದುಪಟ್ಟಾ ಓಣಿಯ ಕೊನೆಗೆ ಓಡಿತು. ಮೆಟ್ಟಿಲಿನ ಬಾಗಿಲು ಅಲ್ಲಿತ್ತು, ಮೆಟ್ಟಿಲ ಕಡೆಗೆ ತಳ್ಳಿ ತೆರೆಯುವ ಬಾಗಿಲು. ಅವಳು ತಳ್ಳಿದಳು. ಭುಜ ಕೊಟ್ಟು ತಳ್ಳಿದಳು. ಬಾಗಿಲು ಅಲುಗಲಿಲ್ಲ. ನಾಲ್ಕು ಫ್ಯಾನೂ ಅಂಗಳದ ಗಾಳಿಯನ್ನು ಹೀರುತ್ತಿದ್ದವು, ಮೆಟ್ಟಿಲ ಕಡೆಯ ಗಾಳಿ ಬಾಗಿಲನ್ನು ಇತ್ತ ಒತ್ತಿ ಹಿಡಿದಿತ್ತು. ಅದಕ್ಕೆ ಬೀಗ ಬೇಕಿರಲಿಲ್ಲ.

"ಅಪ್ಪಾಜೀ, ಬಾಗ್ಲು ತೆಗೆಯೋಕೆ ಬರ್ತಿಲ್ಲ!"

ಆಮೇಲೆ ದುಪಟ್ಟಾ ಕಾಣಲಿಲ್ಲ.

ಚಿದಾನಂದ ಓಡಿದ. ಐವತ್ತಾರು ವರ್ಷದ ಮನುಷ್ಯ, ಮಂಡಿನೋವಿನವನು, ನುಣುಪು ಕಲ್ಲಿನ ಮೇಲೆ ಜಾರಿ ಒಮ್ಮೆ ಕೈಯೂರಿ ಎದ್ದು, ಸೆಕ್ಯುರಿಟಿ ಕೋಣೆಯ ಪ್ಯಾನಲ್ ತಲುಪಿ ನಾಲ್ಕೂ ಫ್ಯಾನಿನ ಸ್ವಿಚ್ ಆರಿಸಿದ. ಸಿಳ್ಳೆ ನಿಂತಿತು. ಮೇಲೆ ಎಲ್ಲೋ ಬಾಗಿಲು ಧಡಾರೆಂದು ತೆರೆದುಕೊಂಡಿತು. ಸ್ವಲ್ಪ ಹೊತ್ತಿಗೆ ಸ್ಪಂದನಾ ಕಣ್ಣೊರೆಸಿಕೊಳ್ಳುತ್ತಾ ಕೆಳಗಿಳಿದು ಬಂದಳು. ಕೆಮ್ಮಿ ಕೆಮ್ಮಿ, ತಣ್ಣಗೆ, "ಫೋಟೋ ಬರ್ಲಿಲ್ಲ," ಎಂದಳು.

ಚಿದಾನಂದ ಅವಳ ತಲೆ ಸವರಿದ. 

"ಅಯ್ಯೋ, ತಾರ್ಪಾಲು ಬಿಚ್ಚಿದ್ರೆ ಆಯ್ತಲ್ಲ," ಎಂದರು ಪೂವಯ್ಯ. "ಏ ಚೋಮ, ಕಿತ್ತು ಬಿಸಾಕು ಅದನ್ನ!"

ಚೋಮ ಕಿತ್ತು ಬಿಸಾಕಿದ. ಊಟ ಮುಗಿಸಿ ಎರಡನೇ ಸಲ ಬೆಂಕಿ ಹಚ್ಚಿದರು. ಈ ಸಲ ಸ್ಪಂದನಾಳನ್ನು ತೀರ್ಥಪ್ರಸಾದರ ಪಕ್ಕ, ಎದುರು ಬಾಗಿಲ ಹತ್ತಿರ ನಿಲ್ಲಿಸಿದ್ದ ಚಿದಾನಂದ. ಮೆಟ್ಟಿಲ ಬಾಗಿಲನ್ನು ತಾನೇ ಹೋಗಿ ತಳ್ಳಿ ನೋಡಿದ, ಒಂದೇ ಕೈಗೆ ಬಂತು. ಸಿಳ್ಳೆ ಇಲ್ಲ. ಆದರೆ ತಾರ್ಪಾಲು ಯಾತಕ್ಕೆ ಕಟ್ಟುತ್ತಾರೋ ಅದು ಒಳಗೆ ಬರತೊಡಗಿತು. ಕಣಿವೆಯಿಂದ ಹತ್ತಿದ ಪಡುವಣ ಗಾಳಿ, ಮಳೆಯ ಇರಚಲು ಸಮೇತ. ಚಿದಾನಂದ ಗಾಳಿ ಅಳೆಯುವ ಮೀಟರನ್ನು ಲೂವರಿಗೆ ಹಿಡಿದ. ಒಂದು ಇರಬೇಕಾದಲ್ಲಿ ನಾಲ್ಕು. ನೆಟ್ಟಗಿದ್ದ ಹೊಗೆಯ ಕಂಬ ಗಾಳಿಗೆ ಸಿಕ್ಕ ಅಡಕೆ ಮರದಂತೆ ಮೂಡಣಕ್ಕೆ ವಾಲಿತು, ಮೊದಲನೇ ಮಹಡಿಯ ಓಣಿಯ ಕೆಳಗೆ ನುಗ್ಗಿತು, ಅಲ್ಲಿ ಸುರುಳಿ ಸುತ್ತಿ, ಇನ್ನಷ್ಟು ಗಾಳಿ ಕುಡಿದು, ಫ್ಯಾನಿನ ಲೆಕ್ಕ ಮೀರಿ ದಪ್ಪವಾಯಿತು. ಎರಡನೇ ಮಹಡಿ ಮತ್ತೆ ಬೆಳ್ಳಗಾಯಿತು.

"ಅರ್ಧ ತಾರ್ಪಾಲು ಕಟ್ಟೋಣ," ಎಂದರು ಪೂವಯ್ಯ, ಬಟ್ಟೆ ವ್ಯಾಪಾರದವರಂತೆ.

"ಫ್ಯಾನು ಎಳೆಯೋ ಗಾಳಿ ಅಷ್ಟೇ ಇರುತ್ತೆ. ಅರ್ಧ ಕಿಂಡೀಲಿ ಬರ್ಬೇಕಾದ್ರೆ ಎರಡು ಪಾಲು ಜೋರಾಗಿ ಬರುತ್ತೆ."

"ಎದುರು ಬಾಗ್ಲು ತೆಗೆದಿಟ್ರೆ?"

"ಅದು ಆರು ಚದರ ಮೀಟರ್. ಬೇಕಾಗಿರೋದು ಮೂವತ್ತನಾಲ್ಕು."

"ಹಂಗಾದ್ರೆ ಏನ್ ಮಾಡ್ಬೇಕು, ನೀವೇ ಹೇಳಿ."

"ಪಡುವಣ ಕಿಂಡಿ ಮುಚ್ಬೇಕು. ಎದುರಿನ ಗಾಜು ಬಿಚ್ಚಿ ಮೂಡಣಕ್ಕೂ ಬಡಗಣಕ್ಕೂ ಕಿಂಡಿ ಮಾಡ್ಬೇಕು. ಬೆಂಕಿ ಗೊತ್ತಾದ ಕೂಡ್ಲೇ ತಾನಾಗಿ ತೆರೆಯೋ ಶಟರ್ ಬೇಕು. ಆಮೇಲೆ ಮತ್ತೆ ಇದೇ ಪರೀಕ್ಷೆ, ಹಿಂಗೇ ಗಾಳಿ ಇರೋ ದಿನ. ತಿಂಗಳು ಮೇಲಾಗುತ್ತೆ."

ಪೂವಯ್ಯನವರು ಮೀಸೆ ತಿರುವಲಿಲ್ಲ, ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ಅದು ಕೂಗಾಡುವುದಕ್ಕಿಂತ ಕಷ್ಟವಾಯಿತು.

"ನೋಡಿ ಚಿದಾನಂದ, ಹೊತ್ತಾರೆ ಇಲ್ಲಿ ಗಾಳಿ ಬಿದ್ದಿರುತ್ತೆ. ಎಲೆ ಅಲ್ಲಾಡಲ್ಲ. ನಾಳೆ ಹೊತ್ತಾರೆ ಪರೀಕ್ಷೆ ಮಾಡಿ. ಪಾಸಾಗುತ್ತೋ ಇಲ್ವೋ?"

"ಆಗುತ್ತೆ."

"ಸುಳ್ಳಲ್ವಲ್ಲ?"

"ಸುಳ್ಳಲ್ಲ."

"ಮತ್ತೆ? ಭಾನುವಾರ ಮದುವೆ ಮುಗೀಲಿ. ಸೋಮವಾರದಿಂದ ನೀವು ಹೇಳಿದ ಗಾಜೆಲ್ಲ ಒಡೀತೀನಿ. ನನ್ನ ಮಾತು ಮಾತೇ. ಇದು ನನಗೋಸ್ಕರ ಕೇಳ್ತಿರೋದಲ್ಲ, ಮಗೂಗೋಸ್ಕರ."

ಚಿದಾನಂದ ತೀರ್ಥಪ್ರಸಾದರ ಕಡೆ ನೋಡಿದ. ಅವರು ಕೊಡೆಯ ಹಿಡಿಕೆ ನೋಡುತ್ತಾ, "ಪರೀಕ್ಷೆ ಮಾಡ್ಬೇಕು ಅಂತ ಇದೆ ಸಾರ್. ಎಷ್ಟೊತ್ತಿಗೆ ಅಂತ ಇಲ್ಲ. ನೀವು ಸಹಿ ಹಾಕಿದ್ರೆ ನಾನು ಹಾಕ್ತೀನಿ. ನಿಮಗಿಂತ ನಂಗೆ ಹೆಚ್ಚು ಗೊತ್ತಾ?" ಎಂದರು.

ಅವನಿಗೆ ಆಸೆಯಾಗಲಿಲ್ಲ ಎಂದರೆ ನಂಬಬೇಡಿ. ಖಂಡಿತ ಆಯಿತು. ಒಂದೇ ದಿನದ ಮಾತು. ಯಾರು ಬೆಂಕಿ ಹಚ್ಚುತ್ತಾರೆ? ಅಡುಗೆ ಹಿಂದಿನ ಶೆಡ್ಡಿನಲ್ಲಿ. ಬೀಗರಿಗೆ ಏನು ಹೇಳುವುದು? ಬೀಗ ರೇಣುಕಪ್ರಸಾದ್ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟಿಟ್ಟುಕೊಂಡವರು. ನಾಲ್ಕು ದಿನ ಮುಂಚೆ ಜಾಗ ಬದಲಾಯಿತೆಂದರೆ ನೂರು ಅಪಶಕುನ ಹುಡುಕುತ್ತಾರೆ. ಕುಸುಮಾಳ ಮುಖ ಕಣ್ಣ ಮುಂದೆ ಬಂತು. 'ನಾಳೆ ಹೊತ್ತಾರೆ ಬರ್ತೀನಿ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು.

ಸ್ಪಂದನಾ ಬಾಗಿಲ ಬಳಿಯಿಂದ ಹತ್ತಿರ ಬಂದಳು. ಬೇಡ ಎನ್ನಲೂ ಇಲ್ಲ, ಹಾಕಿ ಎನ್ನಲೂ ಇಲ್ಲ. ಮೂಗೊರೆಸಿಕೊಂಡು ಒಂದೇ ಮಾತು ಕೇಳಿದಳು.

"ಅಪ್ಪಾಜಿ, ವಯಸ್ಸಾದೋರಿಗೆಲ್ಲ ರೂಮು ಎಷ್ಟನೇ ಮಹಡೀಲಿ ಇಟ್ಟಿದೀರಿ?"

ಎರಡನೇ ಮಹಡಿಯಲ್ಲಿ. ಅವನೇ ಆರಿಸಿದ್ದು. ಅಲ್ಲಿಂದ ಧಾರೆ ಚೆನ್ನಾಗಿ ಕಾಣುತ್ತದೆ, ಕೆಳಗಿನ ಗಲಾಟೆ ಇರುವುದಿಲ್ಲ, ಲೆಕ್ಕದ ಪ್ರಕಾರ ಹೊಗೆಯೂ ಬರುವುದಿಲ್ಲ ಎಂದು. ಅವನ ಅಕ್ಕ ಮಹಾದೇವಮ್ಮ ಇರುತ್ತಾಳೆ ಅಲ್ಲಿ, ಕೋಲು ಹಿಡಿದು ನಡೆಯುವವಳು. ಮಳೆ ಇರಚಿದರೆ ಯಾರೂ ಹೇಳದೆಯೇ ಮತ್ತೆ ತಾರ್ಪಾಲು ಬೀಳುತ್ತದೆ, ಬಾಗಿಲು ಕಚ್ಚಿಕೊಳ್ಳುತ್ತದೆ. ಈ ಹುಡುಗಿ ಭುಜ ಕೊಟ್ಟು ತಳ್ಳಿದ್ದಳು. ಮಹಾದೇವಮ್ಮನಿಗೆ ಭುಜವೆಲ್ಲಿದೆ?

"ಆಗಲ್ಲ ಪೂವಯ್ಯನವರೇ," ಎಂದ ಚಿದಾನಂದ. "ಗಾಳಿ ಬಿದ್ದ ಹೊತ್ತಲ್ಲಿ ಪಾಸಾದ್ರೆ, ಗಾಳಿ ಬಿದ್ದ ಹೊತ್ತಲ್ಲೇ ಬೆಂಕಿ ಬೀಳ್ಬೇಕು ಅಂತ ಕರಾರು ಮಾಡ್ಕೋಬೇಕಾಗುತ್ತೆ. ತಪ್ಪು ನಿಮ್ದಲ್ಲ, ಚೋಮಂದೂ ಅಲ್ಲ. ಕಿಂಡಿ ಪಡುವಣಕ್ಕೆ ಎಳೆದೋನು ನಾನು."

ಅನುತ್ತೀರ್ಣ ಎಂದು ಬರೆದು ಸಹಿ ಹಾಕಿದ. ತೀರ್ಥಪ್ರಸಾದ್ ಅದನ್ನು ಎರಡು ಸಲ ಓದಿ, "ಮದುವೆ, ಸಾರ್?" ಎಂದರು. ಪೂವಯ್ಯನವರು ಎದ್ದು ಕಿಟಕಿ ಕಡೆ ಹೋಗಿ ಬೆನ್ನು ಹಾಕಿ ನಿಂತರು.

ಮನೆಗೆ ಬಂದು ಹೇಳಿದಾಗ ಕುಸುಮಾ ತಾಂಬೂಲದ ಚೀಲಕ್ಕೆ ತೆಂಗಿನಕಾಯಿ ತುಂಬುತ್ತಿದ್ದಳು. ಇಡೀ ದಾರಿ ಅವನು ಬೈಗುಳಕ್ಕೆ ತಯಾರಾಗಿ ಬಂದಿದ್ದ. ಅವಳು ಕಾಯಿ ಕೆಳಗಿಟ್ಟಳು.

"ಬಾಗ್ಲು ಬರ್ಲೇ ಇಲ್ವಾ?"

"ಇಲ್ಲ."

"ಎಷ್ಟೊತ್ತು?"

"ನಾನು ಸ್ವಿಚ್ ಮುಟ್ಟೋ ತಂಕ."

ಅವಳು ಮಗಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಫೋನ್ ಹಿಡಿದಳು. ಸುಂಟಿಕೊಪ್ಪದ ಹಳೇ ಕಲ್ಯಾಣ ಮಂಟಪ ಖಾಲಿ ಇತ್ತು. ಒಂದೇ ಅಂತಸ್ತು, ಶೀಟಿನ ಮಾಡು, ಮಳೆ ಬಂದರೆ ಮಂತ್ರ ಕೇಳುವುದಿಲ್ಲವೆಂದು ಯಾರೂ ಹಿಡಿಯುತ್ತಿರಲಿಲ್ಲ. ಅದನ್ನು ಹಿಡಿದಳು. ಆಮೇಲೆ ಬೀಗರಿಗೇ ಮೊದಲು ಫೋನ್ ಮಾಡಿದಳು.

"ಅಣ್ಣಾ, ಮದುವೆ ಜಾಗ ಬದಲಾಗಿದೆ. ಆ ಹೋಟೆಲ್ಲು ಸರಿ ಇಲ್ಲ. ಹೊಗೆ ಲೆಕ್ಕ ತಪ್ಪಿದೆ. ಲೆಕ್ಕ ಹಾಕ್ದೋರು ನಮ್ಮನೆಯೋರೇ."

ಅತ್ತಲಿಂದ ರೇಣುಕಪ್ರಸಾದರ ದನಿ ಜೋರಾಗಿ ಕೇಳಿಸಿತು. ಹೊಗೆ ಲೆಕ್ಕ ತಪ್ಪಿತೆಂದು ಮದುವೆ ಮಂಟಪ ಬಿಟ್ಟವರನ್ನು ನಮ್ಮ ವಂಶದಲ್ಲಿ ಕಂಡಿಲ್ಲ ಎನ್ನುತ್ತಿದ್ದರು. ಕುಸುಮಾ ಎಲ್ಲ ಕೇಳಿಸಿಕೊಂಡು, "ಭಾನುವಾರ ಬೇಗ ಬನ್ನಿ, ತಿಂಡಿ ಅಲ್ಲೇ," ಎಂದು ಇಟ್ಟಳು. ಮುಂದಿನ ಫೋನು, ಅದೇ ಮಾತು. ಅದರ ಮುಂದಿನದಕ್ಕೂ ಅದೇ. ಲೆಕ್ಕ ಹಾಕ್ದೋರು ನಮ್ಮನೆಯೋರೇ.

ಹತ್ತಾರು ಸಲ ಕೇಳಿದ ಮೇಲೆ ಚಿದಾನಂದ ತಡೆಯಲಾರದೆ, "ಎಲ್ರಿಗೂ ಕಾರಣ ಹೇಳ್ಲೇಬೇಕಾ?" ಎಂದ.

"ಇನ್ನೇನು, ಪೂವಯ್ಯನೋರು ಜಾಗ ಕೊಡ್ಲಿಲ್ಲ ಅಂತ ಸುಳ್ಳು ಹೇಳ್ಲಾ? ಹೇಳಿದ್ರೆ ನಾಳೆ ಯಾರಾದ್ರೂ ಅಲ್ಲಿ ರೂಮ್ ಮಾಡ್ತಾರೆ." ಫೋನನ್ನು ಅವನ ಕೈಗಿಟ್ಟಳು. "ನಿಮ್ಮಕ್ಕ. ಇವ್ರಿಗೆ ನೀವೇ ಹೇಳಿ."

ಅತ್ತ ಆಗಲೇ ಫೋನ್ ಎತ್ತಿಯಾಗಿತ್ತು. ಮಹಾದೇವಮ್ಮ ಅತ್ತಲಿಂದ, "ಏನೋ ತಮ್ಮಾ, ಹೋಟ್ಲಲ್ಲಿ ಬೇಡ್ವಂತಲ್ಲ? ಊರೆಲ್ಲ ಗುಲ್ಲು. ಯಾಕೋ?" ಎಂದಳು.

"ಬಾಗ್ಲು ತೆಗೀಲಿಲ್ಲ, ಅಕ್ಕ," ಎಂದ ಚಿದಾನಂದ.

"ಯಾವ ಬಾಗ್ಲು?"

ಅವನಿಗೆ ಸೆಕೆಂಡಿಗೆ ಎಷ್ಟು ಕೆಜಿ ಎಂಬುದರಿಂದ ಹಿಡಿದು ಎಲ್ಲವನ್ನೂ ಹೇಳಲು ಬರುತ್ತಿತ್ತು. ಬೆಳಗಿನಿಂದ ಅದನ್ನೇ ಹೇಳುತ್ತಾ ಬಂದಿದ್ದ. ಎದುರಿನ ಕೋಣೆಯಲ್ಲಿ ಸ್ಪಂದನಾ ದುಪಟ್ಟಾ ಬಿಚ್ಚಿ ಹೊಗೆ ವಾಸನೆ ಹೋಗಲೆಂದು ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು.

"ನಾನೇ ಹೋಗಿ ನಿಂತ್ಕೋ ಅಂತ ಕಳ್ಸಿದ್ದೆ ಅಕ್ಕ ಅವಳನ್ನ," ಎಂದ ಚಿದಾನಂದ. ಅಷ್ಟು ಹೇಳಿ, ಹೆಂಡತಿ ಮಗಳು ಇಬ್ಬರೂ ನೋಡುತ್ತಿರುವಾಗಲೇ, ಫೋನ್ ಕಿವಿಯಲ್ಲಿಟ್ಟುಕೊಂಡು ಅತ್ತುಬಿಟ್ಟ.